ಸೋನೌಲಿಯಲ್ಲಿ ನೇಪಾಳದ ಗಡಿ ದಾಟುವುದು ಹೇಗೆ?

ಪಶುಪತಿನಾಥ, ಮುಕ್ತಿನಾಥ, ಲುಂಬಿನಿ ನೋಡಲು ಹೊರಡುವ ಕನ್ನಡಿಗರಲ್ಲಿ ವಿಮಾನದ ದರ ಕಂಡು ರೈಲು, ಬಸ್ಸಿನ ದಾರಿ ಹಿಡಿಯುವವರು ಬಹಳ ಮಂದಿ. ಅವರಲ್ಲಿ ಹೆಚ್ಚಿನವರು ದಾಟುವುದು ಉತ್ತರ ಪ್ರದೇಶದ ಮಹಾರಾಜ್‌ಗಂಜ್ ಜಿಲ್ಲೆಯ ಸೋನೌಲಿ ಗಡಿಯನ್ನು. ‘ನೇಪಾಳಕ್ಕೆ ವೀಸಾ ಬೇಡ, ಪಾಸ್‌ಪೋರ್ಟೂ ಬೇಡ’ ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ. ಮಾತು ನಿಜ, ಆದರೆ ಅರ್ಧ ಮಾತ್ರ. ಉಳಿದ ಅರ್ಧವನ್ನು ಮನೆಯಲ್ಲೇ ತಿಳಿದುಕೊಂಡು ಹೊರಡುವುದು ಒಳ್ಳೆಯದು.

ಮೊದಲು ಕಾಗದಪತ್ರ

ಭಾರತೀಯರಿಗೆ ಮಾನ್ಯವಾದ ದಾಖಲೆಗಳು ಮುಖ್ಯವಾಗಿ ಎರಡು: ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ. ಆಧಾರ್ ಈ ಪಟ್ಟಿಯಲ್ಲಿ ಎಲ್ಲರಿಗೂ ಇಲ್ಲ. 15 ವರ್ಷಕ್ಕಿಂತ ಚಿಕ್ಕವರು ಮತ್ತು 65 ದಾಟಿದವರು ಮಾತ್ರ ಆಧಾರ್‌ನಂತಹ ಫೋಟೊ ಇರುವ ಗುರುತಿನ ಚೀಟಿ ತೋರಿಸಿ ಹೋಗಬಹುದು. 15ರಿಂದ 18ರ ನಡುವಿನ ಮಕ್ಕಳಿಗೆ ಪಾಸ್‌ಪೋರ್ಟ್ ಇಲ್ಲದಿದ್ದರೆ ಶಾಲೆಯ ಪ್ರಾಂಶುಪಾಲರು ನಿಗದಿತ ನಮೂನೆಯಲ್ಲಿ ಬರೆದುಕೊಟ್ಟ ಗುರುತಿನ ಪತ್ರ ಬೇಕು.

ಒಂದು ಕುಟುಂಬವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅಜ್ಜನಿಗೆ 70, ಅಜ್ಜಿಗೆ 63, ಮೊಮ್ಮಗಳಿಗೆ 16. ಮಗ ಅಮೆರಿಕದ ಪೌರತ್ವ ಪಡೆದವನು, ಕೈಯಲ್ಲಿ ಒಸಿಐ ಕಾರ್ಡ್ ಇದೆ. ಸೊಸೆಯದು ಭಾರತೀಯ ಪಾಸ್‌ಪೋರ್ಟ್. ಅಜ್ಜನಿಗೆ ಆಧಾರ್ ಸಾಕು. ಅಜ್ಜಿಗೆ ಸಾಲದು, ಅವರು ಮತದಾರರ ಚೀಟಿಯನ್ನು ಹುಡುಕಿ ಇಟ್ಟುಕೊಳ್ಳಬೇಕು. ಮೊಮ್ಮಗಳು ಭಾರತೀಯಳಾಗಿದ್ದರೆ ಪಾಸ್‌ಪೋರ್ಟ್ ಇಲ್ಲವೇ ಶಾಲೆಯ ಪತ್ರ. ಮಗನಿಗೆ ಮಾತ್ರ ಇದು ಪೂರ್ಣ ಪ್ರಮಾಣದ ಅಂತರರಾಷ್ಟ್ರೀಯ ಗಡಿ. ಒಸಿಐ ಕಾರ್ಡ್ ಭಾರತಕ್ಕೆ ಮರಳಲು ಬೇಕೇ ಬೇಕು, ನೇಪಾಳದ ಮಟ್ಟಿಗೆ ಅದು ಉಪಯೋಗಕ್ಕೆ ಬಾರದು. ಅವನು ನೇಪಾಳದ ವೀಸಾ ಪಡೆಯಲೇಬೇಕು.

ಆಧಾರ್ ಒಂದನ್ನೇ ಇಟ್ಟುಕೊಂಡು ದಾಟಿದವರು ಎಷ್ಟೋ ಜನ ಸಿಗುತ್ತಾರೆ; ನಡೆದು ಹೋಗುವವರನ್ನೆಲ್ಲ ಗಡಿಯಲ್ಲಿ ತಡೆದು ಪರೀಕ್ಷಿಸುವುದಿಲ್ಲ. ಅವರಿಗೆ ತೊಡಕು ಎದುರಾಗುವುದು ಮರಳುವಾಗ. ಹೋಗುವಾಗ ರಸ್ತೆ, ಬರುವಾಗ ಕಠ್ಮಂಡುವಿನಿಂದ ವಿಮಾನ ಎಂದು ಯೋಜನೆ ಹಾಕಿದ್ದರೆ ವಿಮಾನ ಸಂಸ್ಥೆಯ ಕೌಂಟರಿನಲ್ಲಿ 40 ವರ್ಷದವರ ಆಧಾರ್ ನಡೆಯುವುದಿಲ್ಲ. ಆಗ ಉಳಿಯುವ ದಾರಿ ಎರಡು: ಬಸ್ ಹತ್ತಿ ಮತ್ತೆ ಗಡಿಗೆ ಬರುವುದು, ಇಲ್ಲವೇ ಕಠ್ಮಂಡುವಿನ ಲೈಂಚೌರ್‌ನಲ್ಲಿರುವ ಭಾರತೀಯ ರಾಯಭಾರ ಕಚೇರಿಗೆ ಹೋಗಿ ತುರ್ತು ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು.

ಗೋರಖಪುರದಿಂದ ಗಡಿಗೆ

ಯಶವಂತಪುರದಿಂದ ಗೋರಖಪುರಕ್ಕೆ ನೇರ ರೈಲು ಇದೆ. ಗೋರಖಪುರದಲ್ಲಿ ಇಳಿದರೆ ಸೋನೌಲಿಗೆ ಸುಮಾರು 95 ಕಿ.ಮೀ. ಸರ್ಕಾರಿ ಬಸ್ ನಿಲ್ದಾಣ ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ. ಬಸ್ಸಿನಲ್ಲಿ ಮೂರು ಗಂಟೆಯ ಹಾದಿ. ರೈಲೇ ಬೇಕೆನ್ನುವವರು ನೌತನವಾವರೆಗೆ ಹೋಗಿ, ಅಲ್ಲಿಂದ ಉಳಿದ ಎಂಟು ಕಿ.ಮೀ.ಗೆ ಶೇರ್ ಆಟೊ ಅಥವಾ ಜೀಪು ಹಿಡಿಯಬಹುದು.

ಗೋರಖಪುರದ ನಿಲ್ದಾಣದಿಂದ ಹೊರಬಿದ್ದೊಡನೆ ‘ಕಠ್ಮಂಡು ಡೈರೆಕ್ಟ್’ ಎಂದು ಟಿಕೆಟ್ ಮಾರುವವರು ಸುತ್ತಿಕೊಳ್ಳುತ್ತಾರೆ. ಇಂತಹ ಟಿಕೆಟ್ ಕೊಂಡವರನ್ನು ಸಾಮಾನ್ಯವಾಗಿ ಸೋನೌಲಿಯಲ್ಲಿ ಇಳಿಸಿ, ಆಚೆ ಬೇರೊಂದು ಬಸ್ ಹತ್ತಿಸುತ್ತಾರೆ. ಆ ಬಸ್ ಹೇಗಿದೆ, ಎಷ್ಟಕ್ಕೆ ಹೊರಡುತ್ತದೆ ಎಂದು ನೋಡಿ ಆರಿಸುವ ಸ್ವಾತಂತ್ರ್ಯ ಆಗ ನಿಮಗಿರುವುದಿಲ್ಲ. ಗಡಿಯವರೆಗೆ ಒಂದು ಟಿಕೆಟ್, ದಾಟಿದ ಮೇಲೆ ಇನ್ನೊಂದು ಎಂದು ಇಟ್ಟುಕೊಳ್ಳುವುದೇ ಮೇಲು.

ಗೇಟಿನ ಬಳಿ

ಸೋನೌಲಿ ಎಂದರೆ ಸರಕು ಲಾರಿಗಳ ಉದ್ದ ಸಾಲು, ಎರಡೂ ಬದಿ ಅಂಗಡಿ, ನಡುವೆ ನುಸುಳುವ ಈ-ರಿಕ್ಷಾಗಳು. ಆ ಬೀದಿಯ ಕೊನೆಗೆ ಗೇಟು. ಈಚೆ ಸಶಸ್ತ್ರ ಸೀಮಾ ಬಲದ ಸಿಬ್ಬಂದಿ ಚೀಲ ತೆರೆಸಿ ನೋಡಬಹುದು, ಗುರುತಿನ ಚೀಟಿ ಕೇಳಬಹುದು. ಭಾರತೀಯರಿಗೆ ಮೊಹರಿಲ್ಲ, ಅರ್ಜಿಯಿಲ್ಲ. ಗೇಟು ದಾಟಿದರೆ ನೇಪಾಳದ ಬೇಲಹಿಯಾ.

ನಮ್ಮ ಕುಟುಂಬದ ಮಗ ಎಡವುವುದು ಇಲ್ಲೇ. ಭಾರತದ ವಲಸೆ ಕಚೇರಿ ಗೇಟಿಗೆ ಮೊದಲೇ, ಬೀದಿಯ ಬದಿಯಲ್ಲಿದೆ. ಯಾರೂ ಕೈಹಿಡಿದು ಒಳಗೆ ಕರೆಯುವುದಿಲ್ಲ. ಮನೆಯವರ ಜೊತೆ ಮಾತಾಡುತ್ತ ನಡೆದರೆ ಅವನು ನಿರ್ಗಮನದ ಮೊಹರಿಲ್ಲದೆ ನೇಪಾಳದಲ್ಲಿರುತ್ತಾನೆ. ಬೇಲಹಿಯಾದ ವಲಸೆ ಕಚೇರಿಯವರು ಪಾಸ್‌ಪೋರ್ಟ್ ತಿರುವಿ ಹಾಕಿ, ಮೊಹರು ಹಾಕಿಸಿಕೊಂಡು ಬಾ ಎಂದು ಹಿಂದಕ್ಕೆ ಕಳಿಸುತ್ತಾರೆ. ಹಾಗಾಗಿ ಕ್ರಮ ಹೀಗಿರಲಿ: ಮೊದಲು ಸೋನೌಲಿಯ ವಲಸೆ ಕಚೇರಿಯಲ್ಲಿ ನಿರ್ಗಮನದ ಮೊಹರು, ಆಮೇಲೆ ಗೇಟು, ಆಮೇಲೆ ಬೇಲಹಿಯಾದಲ್ಲಿ ವೀಸಾ. ವೀಸಾ ಶುಲ್ಕ 15 ದಿನಕ್ಕೆ 30 ಡಾಲರ್, 30 ದಿನಕ್ಕೆ 50 ಡಾಲರ್. ಡಾಲರನ್ನು ನಗದಾಗಿ, ಚಿಲ್ಲರೆ ಸರಿಯಾಗಿ ಒಯ್ಯುವುದು ಕ್ಷೇಮ. ಮರಳುವಾಗ ಇದೇ ಕ್ರಮ ಹಿಂದುಮುಂದಾಗುತ್ತದೆ: ಬೇಲಹಿಯಾದಲ್ಲಿ ನಿರ್ಗಮನ, ಸೋನೌಲಿಯಲ್ಲಿ ಪ್ರವೇಶ.

ನಡೆದು ದಾಟುವ ಭಾರತೀಯರಿಗೆ ಹೊತ್ತಿನ ಕಟ್ಟುಪಾಡು ಹೆಚ್ಚಿಲ್ಲ. ಮೊಹರು, ವೀಸಾ, ವಾಹನ ಪರವಾನಗಿ ಬೇಕಾದವರು ಮಾತ್ರ ಬೆಳಿಗ್ಗೆ ಏಳರಿಂದ ಸಂಜೆ ಆರರ ಒಳಗೆ ತಲುಪುವಂತೆ ಹೊರಡಬೇಕು. ರಾತ್ರಿ ವಾಹನಗಳಿಗೆ ಗೇಟು ಮುಚ್ಚುತ್ತದೆ, ಕಚೇರಿಯಲ್ಲಿ ಸಿಬ್ಬಂದಿಯನ್ನು ಹುಡುಕುವ ಸ್ಥಿತಿ ಬರುತ್ತದೆ. ಸ್ವಂತ ಕಾರಿನಲ್ಲಿ ಬಂದವರು ನೇಪಾಳದ ಸುಂಕ ಕಚೇರಿಯಲ್ಲಿ, ಅಲ್ಲಿನ ಮಾತಿನಲ್ಲಿ ‘ಭನ್ಸಾರ್’ನಲ್ಲಿ, ಆರ್‌ಸಿ, ಚಾಲನಾ ಪರವಾನಗಿ, ವಿಮೆ ತೋರಿಸಿ ದಿನದ ಲೆಕ್ಕದಲ್ಲಿ ಶುಲ್ಕ ಕಟ್ಟಬೇಕು. ಚೀಟಿಯ ದಿನ ಮೀರಿದರೆ ದಂಡ. ಆದ್ದರಿಂದ ಒಂದು ದಿನ ಹೆಚ್ಚಿಗೆ ಬರೆಸಿಕೊಳ್ಳಿ. ವಾರದ ರಜೆ ನೇಪಾಳದಲ್ಲಿ ಶನಿವಾರ. ಬ್ಯಾಂಕಿನಂತಹ ಕೆಲಸವನ್ನು ಆ ದಿನಕ್ಕೆ ಇಟ್ಟುಕೊಳ್ಳಬೇಡಿ.

ದಾಟಿದ ಮೇಲೆ

ಗಡಿಯಾರವನ್ನು 15 ನಿಮಿಷ ಮುಂದಕ್ಕೆ ತಿರುಗಿಸಿ. ಬಸ್ ಸಮಯವನ್ನು ಹೇಳುವುದೆಲ್ಲ ನೇಪಾಳದ ಗಡಿಯಾರದ ಪ್ರಕಾರ, ಮೊಬೈಲ್ ಮಾತ್ರ ಗಡಿಯಂಚಿನಲ್ಲಿ ಒಮ್ಮೊಮ್ಮೆ ಭಾರತದ ಸಿಗ್ನಲ್ ಹಿಡಿದು ಹಳೆಯ ಸಮಯವನ್ನೇ ತೋರಿಸುತ್ತಿರುತ್ತದೆ.

ಹಣದ ಲೆಕ್ಕ ಸುಲಭ: ನಮ್ಮ 100 ರೂಪಾಯಿಗೆ ಅಲ್ಲಿನ 160. 1993ರಿಂದ ಈ ದರ ಬದಲಾಗಿಲ್ಲ. ಎಡವಟ್ಟಾಗುವುದು ಚೌಕಾಸಿಯಲ್ಲಿ. ಗಡಿಯ ಜನ ಭಾರತದ ಹಣಕ್ಕೆ ‘ಐಸಿ’, ನೇಪಾಳದ ಹಣಕ್ಕೆ ‘ಎನ್‌ಸಿ’ ಎನ್ನುತ್ತಾರೆ. ಟ್ಯಾಕ್ಸಿಯವನು ‘ಎಂಟುನೂರು’ ಎಂದರೆ ತಕ್ಷಣ ‘ಐಸಿಯೋ ಎನ್‌ಸಿಯೋ’ ಎಂದು ಕೇಳಿ. ಎನ್‌ಸಿ ಆದರೆ ನಿಮಗೆ ಬೀಳುವುದು 500 ರೂಪಾಯಿ. ಕೇಳದೆ ಹತ್ತಿದರೆ ಇಳಿಯುವಾಗ ಅದು ಖಂಡಿತ ಐಸಿ ಆಗಿರುತ್ತದೆ. 100 ಮತ್ತು ಅದಕ್ಕಿಂತ ಕಡಿಮೆಯ ನೋಟುಗಳನ್ನೇ ಹೆಚ್ಚು ಒಯ್ಯಿರಿ. 2018ರಲ್ಲಿ ನೇಪಾಳ ನಮ್ಮ 200, 500ರ ನೋಟುಗಳನ್ನು ನಿಷೇಧಿಸಿತ್ತು. ದೊಡ್ಡ ನೋಟು ಒಯ್ಯುವ ಮೊದಲು ಈಗಿನ ನಿಯಮವನ್ನು ವಿಚಾರಿಸಿ. 2024ರಿಂದ ಫೋನ್‌ಪೇ ಅಲ್ಲ, ನೇಪಾಳದ್ದೇ ಆದ ‘ಫೋನೆಪೇ’ ಜಾಲದ ಕ್ಯೂಆರ್‌ಗಳಲ್ಲಿ ಯುಪಿಐ ನಡೆಯುತ್ತದೆ, ಆದರೆ ಅದರ ಮೇಲೆಯೇ ಭಾರ ಹಾಕಬೇಡಿ.

ಬೇಲಹಿಯಾದಿಂದ ಭೈರಹವಾ ಮೂರ್ನಾಲ್ಕು ಕಿ.ಮೀ.; ರಿಕ್ಷಾ, ಬಸ್ ಎರಡೂ ಸಿಗುತ್ತವೆ. ಲುಂಬಿನಿಗೆ ಅಲ್ಲಿಂದ ಇಪ್ಪತ್ತು ಕಿ.ಮೀ. ಮೇಲೆ ಸ್ವಲ್ಪ, ಬಸ್ಸಿನಲ್ಲಿ ಒಂದು ಗಂಟೆಯ ಆಸುಪಾಸು. ಕಠ್ಮಂಡುವಿಗೆ ಹಗಲಿನ ಬಸ್ಸು ಬೇಕಾದರೆ ಬೆಳಗಿನ ಜಾವವೇ ಹಿಡಿಯಬೇಕು, ಇಡೀ ದಿನ ಅದಕ್ಕೇ ಹೋಗುತ್ತದೆ. ಮುಕ್ತಿನಾಥಕ್ಕೆ ಪೋಖರಾ ಮೂಲಕ ಹೋಗುವವರ ದಾರಿ ಬುಟವಲ್ ದಾಟಿ ಸಿದ್ಧಬಾಬಾದ ಕಡಿದಾದ ಬೆಟ್ಟದಂಚಿನಲ್ಲಿ ಸಾಗುತ್ತದೆ. ಮಳೆಗಾಲದಲ್ಲಿ ಅಲ್ಲಿ ಕಲ್ಲು, ಮಣ್ಣು ಕುಸಿದು ರಸ್ತೆ ಮುಚ್ಚುವುದು ಮಾಮೂಲು. ಜುಲೈ, ಆಗಸ್ಟ್‌ನಲ್ಲಿ ಹೋಗುವವರು ರಾತ್ರಿ ಬಸ್ ಬಿಟ್ಟು, ಟಿಕೆಟ್ ಕೊಳ್ಳುವ ಮೊದಲು ದಾರಿ ತೆರೆದಿದೆಯೇ ಎಂದು ಭೈರಹವಾದಲ್ಲೇ ಕೇಳಿಕೊಳ್ಳಬೇಕು.

ದಿನಾಂಕ ಗೊತ್ತುಮಾಡುವಾಗ ಇನ್ನೊಂದು ಸಂಗತಿ ನೋಡಿಕೊಳ್ಳಿ. ಗಡಿಯ ಈಚೆ ಅಥವಾ ಆಚೆ ಚುನಾವಣೆ ಇದ್ದರೆ ಮತದಾನಕ್ಕೆ ಎರಡು-ಮೂರು ದಿನ ಮೊದಲೇ ಗೇಟು ಮುಚ್ಚುತ್ತಾರೆ. ಆಗ ಯಾವ ಕಾಗದ ತೋರಿಸಿದರೂ ಸಾಮಾನ್ಯ ಪ್ರಯಾಣಿಕರನ್ನು ಬಿಡುವುದಿಲ್ಲ.