ಸ್ಟೇಟ್‌ಮೆಂಟ್‌ನಲ್ಲಿ ನಾನು ಎಲ್ಲಿದ್ದೆ?

ಅಂತರ್ಜಲದ ಬಗ್ಗೆ ಮಾಸ್ಟರ್ಸ್ ಮಾಡಲು ಹೊರದೇಶದ ವಿಶ್ವವಿದ್ಯಾಲಯವೊಂದಕ್ಕೆ ಅರ್ಜಿ ಹಾಕುವಾಗ ನಾನು ಯಾರು, ಈ ಕೋರ್ಸ್ ಏಕೆ ಬೇಕು ಎಂದು ಹೇಳುವ ಎರಡು ಪುಟದ ಸ್ಟೇಟ್‌ಮೆಂಟ್ ಬರೆಯಬೇಕಿತ್ತು. ನಾನು ಸಿವಿಲ್ ಓದಿದವಳು. ಕೊನೆಯ ವರ್ಷದ ಪ್ರಾಜೆಕ್ಟ್ ಕೋಲಾರದ ಕಡೆಯ ಒಂದು ಕೆರೆಯದ್ದು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾಯಿತಲ್ಲ, ಆ ನೀರು ಬರುವ ಕೆರೆ. ಸುತ್ತಲಿನ ಬೋರ್‌ವೆಲ್‌ಗಳಲ್ಲಿ ನೀರಿನ ಮಟ್ಟ ಎಷ್ಟು ಏರಿದೆ ಎಂದು ನೋಡುವುದು ನಮ್ಮ ಕೆಲಸ.

ಮೊದಲ ಕರಡು ಇಂಗ್ಲಿಷಿನಲ್ಲಿತ್ತು. ಅದರ ಸಾರ ಕನ್ನಡದಲ್ಲಿ ಹೀಗೆ: “ಚಿಕ್ಕಂದಿನಿಂದಲೂ ನನಗೆ ನೀರಿನ ವಿಷಯದಲ್ಲಿ ಆಸಕ್ತಿ. ಅಂತರ್ಜಲದ ಕುರಿತ ಪ್ರಾಜೆಕ್ಟ್ ಒಂದರಲ್ಲಿ ಭಾಗವಹಿಸುವ ಅವಕಾಶ ಸಿಕ್ಕಿತು. ಅದರಿಂದ ಬಹಳಷ್ಟು ಕಲಿತೆ. ನಿಮ್ಮಲ್ಲಿ ಇನ್ನಷ್ಟು ಕಲಿಯಬಹುದೆಂದು ನಂಬಿದ್ದೇನೆ.” ಇದನ್ನು ನಮ್ಮ ಗೈಡ್‌ಗೆ ಕೊಟ್ಟೆ. ಓದಿ, “ಇದರಲ್ಲಿ ನೀನೆಲ್ಲಮ್ಮಾ ಇದ್ದೀಯ? ನಿನ್ನ ಹೆಸರು ತೆಗೆದು ಬೇರೆಯವರ ಹೆಸರು ಹಾಕಿದರೂ ನಡೆಯುತ್ತೆ” ಅಂದರು.

ಪಕ್ಕದ ಮನೆಯ ಅಣ್ಣನೊಬ್ಬ ಎರಡನೇ ಕರಡಿಗೆ ಕೈಹಾಕಿದ. ಅವನ ಕೈಯಲ್ಲಿ ನಾನು “ಅಪಾರ ಛಲದ ಸಂಶೋಧಕಿ”, “ತಂಡದ ನಾಯಕಿ” ಆಗಿಬಿಟ್ಟೆ. ಓದುವಾಗ ಕಿವಿ ಬಿಸಿಯಾಯಿತು. ಸಂಕೋಚದ ಮಾತು ಹಾಗಿರಲಿ, ಈ ಕರಡಿನಲ್ಲೂ ನಾನು ಮಾಡಿದ್ದೇನು ಎಂಬುದು ಎಲ್ಲೂ ಇರಲಿಲ್ಲ. ಮೊದಲನೆಯದರಲ್ಲಿ ನನ್ನನ್ನು ನಾನೇ ಮುಚ್ಚಿಕೊಂಡಿದ್ದೆ, ಇದರಲ್ಲಿ ಹೊಗಳಿಕೆ ಮುಚ್ಚಿತ್ತು.

ಆಮೇಲೆ ಫೀಲ್ಡ್ ನೋಟ್‌ಬುಕ್ ತೆಗೆದು ಕೂತೆ. ಪ್ರತಿ ಕೆಲಸದ ಮುಂದೆ ಯಾರು ಮಾಡಿದ್ದು ಎಂದು ಬರೆಯುತ್ತಾ ಹೋದೆ. ಬೋರ್‌ವೆಲ್‌ಗಳನ್ನು ಗೊತ್ತುಮಾಡಿದ್ದು ಗೈಡ್. ನಕ್ಷೆ ಗೆಳತಿಯದ್ದು. ಅಳೆಯಲು ನಾವಿಬ್ಬರೂ ಹೋಗುತ್ತಿದ್ದೆವು. ಒಂದು ವಿಷಯ ಮಾತ್ರ ಪೂರ್ತಿ ನನ್ನದು, ಮೊದಲ ಕರಡಿನಲ್ಲಿ ಅದರ ಸುಳಿವೇ ಇರಲಿಲ್ಲ.

ನೀರು ತಗುಲಿದರೆ ಬೀಪ್ ಎನ್ನುವ ಟೇಪನ್ನು ಬೋರ್‌ವೆಲ್‌ನ ಕೇಸಿಂಗ್ ಪೈಪಿನೊಳಗೆ ಇಳಿಸಿ ಮಟ್ಟ ನೋಡುತ್ತಿದ್ದೆವು. ಒಂದೇ ಬೋರ್‌ವೆಲ್ ಒಂದು ವಾರ ಒಂದು ಲೆಕ್ಕ, ಮುಂದಿನ ವಾರ ಅದಕ್ಕೆ ತಾಳೆಯಾಗದ ಇನ್ನೊಂದು ಲೆಕ್ಕ ಕೊಡುತ್ತಿತ್ತು. ಎಲ್ಲರೂ ಟೇಪು ಕೆಟ್ಟಿದೆ ಅಂದುಕೊಂಡಿದ್ದರು. ನಾನು ರೈತರ ಹತ್ತಿರ ಕರೆಂಟಿನ ಸಮಯ ಕೇಳಿದೆ. ತ್ರೀ ಫೇಸ್ ಇದ್ದಷ್ಟು ಹೊತ್ತೂ ಮೋಟರ್ ಓಡುತ್ತದೆ, ನೀರು ಕೆಳಗಿಳಿದಿರುತ್ತದೆ. ನಿಲ್ಲಿಸಿದ ತಕ್ಷಣ ಅಳೆದರೆ ಸಿಗುವುದು ಆ ಇಳಿದ ಮಟ್ಟ. ಬಂಡೆಯ ಬಿರುಕಿನಿಂದ ನೀರು ಮತ್ತೆ ಕೂಡಿಕೊಳ್ಳಲು ಹೊತ್ತು ಬೇಕು. ಹಾಗಾಗಿ ತ್ರೀ ಫೇಸ್ ಬರುವುದಕ್ಕೆ ಮುಂಚೆ, ಮೋಟರ್ ಬಹಳ ಹೊತ್ತು ಸುಮ್ಮನಿದ್ದ ಮೇಲೆ ಮಾತ್ರ ಅಳೆಯುವುದು ಎಂದು ಮಾಡಿದೆವು. ಲೆಕ್ಕಗಳು ಒಂದಕ್ಕೊಂದು ಹೊಂದತೊಡಗಿದವು.

ಇದನ್ನು ಬರೆಯದೆ ಬಿಟ್ಟಿದ್ದೇಕೆ? ಯಂತ್ರವಿಲ್ಲ, ಸೂತ್ರವಿಲ್ಲ, ರೈತರನ್ನು ಕೇಳಿದ್ದಷ್ಟೇ, ಅದೇನು ದೊಡ್ಡ ವಿಷಯ ಅನ್ನಿಸಿತ್ತು. ಮನೆಯಲ್ಲೂ ನಮ್ಮ ಕೆಲಸ ನಾವೇ ಹೇಳಿಕೊಂಡರೆ ಅಜ್ಜಿ “ಸಾಕು ಸಾಕು” ಅನ್ನುತ್ತಿದ್ದರು!

ಮೂರನೇ ಕರಡಿನಲ್ಲಿ ಆ ಪ್ಯಾರಾ ಹೀಗಾಯಿತು: “ಅಳತೆಗಳು ವಾರದಿಂದ ವಾರಕ್ಕೆ ಹೊಂದುತ್ತಿರಲಿಲ್ಲ. ಕಾರಣ ಟೇಪಲ್ಲ, ಪಂಪಿನ ಸಮಯ ಎಂದು ನಾನು ಶಂಕಿಸಿ, ರೈತರಿಂದ ವಿದ್ಯುತ್ ವೇಳಾಪಟ್ಟಿ ಪಡೆದು ಅಳೆಯುವ ಹೊತ್ತನ್ನು ಬದಲಿಸಿದೆ. ಕೆರೆಗೆ ಹತ್ತಿರದ ಕೆಲವು ಬೋರ್‌ವೆಲ್‌ಗಳಲ್ಲಿ ನೀರು ಏರಿತ್ತು, ಅಷ್ಟೇ ಹತ್ತಿರದ ಇನ್ನು ಕೆಲವು ಕದಲಲಿಲ್ಲ. ಬಿರುಕುಗಳು ಬೇರೆ ದಿಕ್ಕಿಗೆ ಹೋಗಿರಬಹುದು. ನೀರಿನ ಮಟ್ಟವೊಂದರಿಂದಲೇ ಅದನ್ನು ಹೇಳಲಾಗದು. ನಾನು ಬಿರುಕು ಬಂಡೆಯಲ್ಲಿ ಅಂತರ್ಜಲ ಹೇಗೆ ಹರಿಯುತ್ತದೆಂದು ಲೆಕ್ಕ ಹಾಕುವ ಮಾದರಿ ಕಲಿಯಬೇಕೆಂದಿರುವುದು ಇದಕ್ಕೆ.”

ಕೊನೆಯ ಮೂರು ವಾಕ್ಯ ಬರೆಯಲು ಹೆದರಿಕೆಯಾಗಿತ್ತು. ಗೊತ್ತಿಲ್ಲ ಎಂದರೆ ಸೀಟು ಹೋಗುತ್ತದೇನೋ ಅಂತ. ಆದರೆ ಅವಿಲ್ಲದಿದ್ದರೆ ಆ ಕೋರ್ಸೇ ಏಕೆ ಬೇಕು ಎಂಬುದಕ್ಕೆ ಉತ್ತರ ಇರುತ್ತಿರಲಿಲ್ಲ. “ಇನ್ನಷ್ಟು ಕಲಿಯಬಹುದೆಂದು ನಂಬಿದ್ದೇನೆ” ಎಂಬ ಸಾಲು ತಾನಾಗಿಯೇ ಬಿದ್ದುಹೋಯಿತು. “ಅವಕಾಶ ಸಿಕ್ಕಿತು” ಎಂದಿದ್ದ ಕಡೆಗಳಲ್ಲೆಲ್ಲ “ಅಳೆದೆ”, “ಕೇಳಿದೆ”, “ಬದಲಿಸಿದೆ” ಬಂದವು.

ಜಂಬವಾಯಿತೇ ಎಂದು ನೋಡಲು ಗೆಳತಿಗೇ ಓದಲು ಕೊಟ್ಟೆ. ಜೊತೆಯಲ್ಲಿ ಬಿಸಿಲಲ್ಲಿ ನಿಂತವಳು, ಅವಳ ಕಣ್ಣು ತಪ್ಪಿಸಲಾಗದು. ಅವಳು ಒಂದೇ ಕಡೆ ಗೆರೆ ಎಳೆದಳು: “ನಕ್ಷೆ ಸಿದ್ಧಪಡಿಸಿ” ಎಂದು ನಾನು ಬರೆದಿದ್ದೆ. ಅದು “ಸಹಪಾಠಿ ಸಿದ್ಧಪಡಿಸಿದ ನಕ್ಷೆಯ ಮೇಲೆ” ಎಂದಾಯಿತು. ವಾಕ್ಯಕ್ಕೇನೂ ನಷ್ಟವಾಗಲಿಲ್ಲ, ಉಳಿದದ್ದೆಲ್ಲ ನನ್ನದೇ ಎಂಬುದು ಇನ್ನೂ ಸ್ಪಷ್ಟವಾಯಿತು.

ಆಮೇಲೆ ಅದೇ ಪ್ರತಿಯನ್ನು ಶಿಫಾರಸು ಪತ್ರ ಬರೆಯುವ ಗೈಡ್‌ಗೂ ಕಳಿಸಿದೆ. ಇಬ್ಬರೂ ಹೇಳುವ ಸಂಗತಿ ಬೇರೆಬೇರೆಯಾಗಬಾರದಲ್ಲ. “ಶ್ರದ್ಧೆ”, “ಜಾಣ್ಮೆ” ಇತ್ಯಾದಿಗಳನ್ನು ನನ್ನ ಸ್ಟೇಟ್‌ಮೆಂಟಿನಿಂದ ಅವರೇ ಹೊಡೆದುಹಾಕಿದರು. “ಅವು ನಾನು ಬರೆಯಬೇಕಾದ ಮಾತು, ನನಗೂ ಸ್ವಲ್ಪ ಬಿಡು” ಅಂದರು.