ಹಬ್ಬದ ಎಣ್ಣೆ ಸ್ನಾನ, ಕಟ್ಟಿಕೊಂಡ ಬಲಗಿವಿ

ಇಪ್ಪತ್ತು ವರ್ಷದಿಂದ ಮಂಡ್ಯದಲ್ಲಿ ಕಿವಿ, ಮೂಗು, ಗಂಟಲು ನೋಡುವ ಡಾಕ್ಟರ್ ಆಗಿದ್ದೇನೆ. ಹೋದ ದೀಪಾವಳಿಯಲ್ಲಿ ನನ್ನ ಕಿವಿಯೇ ಕಟ್ಟಿಕೊಂಡಿತು. ಅದೂ ಮಾವನ ಮನೆಯಲ್ಲಿ, ಪಾಂಡವಪುರದ ಹತ್ತಿರದ ಊರಿನಲ್ಲಿ. ಕೈಯಲ್ಲಿ ಒಂದು ಟಾರ್ಚೂ ಇರಲಿಲ್ಲ.

ನೀರು ತುಂಬುವ ಹಬ್ಬದ ಮರುದಿನ, ಇನ್ನೂ ಕತ್ತಲಿರುವಾಗಲೇ ಅತ್ತೆ ತಲೆಗೆ ಹರಳೆಣ್ಣೆ ಒತ್ತಿದರು. ಹಂಡೆಯ ಬಿಸಿನೀರು, ಸೀಗೆಪುಡಿ, ಹತ್ತಾರು ಚೊಂಬು ನೀರು. ಬಚ್ಚಲಿನಿಂದ ಹೊರಗೆ ಬಂದು ತಲೆ ಒರೆಸಿಕೊಳ್ಳುತ್ತಿದ್ದೇನೆ, ಬಲಗಿವಿಗೆ ಯಾರೋ ಹತ್ತಿ ತುರುಕಿದ ಹಾಗೆ ಆಯಿತು. ಹೊರಗೆ ಪಟಾಕಿ ದೂರದಲ್ಲಿ ಸಿಡಿದ ಹಾಗೆ, ನನ್ನ ಮಾತು ಮಾತ್ರ ಕೊಡದೊಳಗೆ ಮಾತಾಡಿದ ಹಾಗೆ ಕೇಳಿಸುತ್ತಿತ್ತು.

ನೀರು ಹೋಗಿದೆ ಅಂತಲೇ ನಾನೂ ಅಂದುಕೊಂಡೆ. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಬಲಗಿವಿ ಕೆಳಗಾಗುವಂತೆ ತಲೆ ವಾಲಿಸಿ, ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲಗೆ ಎಳೆದು ಹಿಡಿದೆ. ದೊಡ್ಡವರ ಕಿವಿಯ ದಾರಿ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ, ಸ್ವಲ್ಪ ಅಂಕುಡೊಂಕು. ಹಾಗೆ ಎಳೆದರೆ ದಾರಿ ನೇರವಾಗಿ ನೀರು ಇಳಿಯುತ್ತದೆ. ಎರಡು ಹನಿ ಬಂತು. ಆಮೇಲೆ ದಿಂಬಿನ ಮೇಲೆ ಟವೆಲ್ ಹಾಕಿ ಹತ್ತು ನಿಮಿಷ ಅದೇ ಮಗ್ಗುಲಿಗೆ ಮಲಗಿದೆ. ಏನೂ ಬದಲಾಗಲಿಲ್ಲ.

ಅಲ್ಲಿಗೆ ನನಗೆ ಅನುಮಾನ ಬಂತು. ಬರೀ ನೀರು ನಿಂತಿದ್ದರೆ ಅದು ಸುಮ್ಮನಿರುವುದಿಲ್ಲ. ತಲೆ ಆಡಿಸಿದರೆ ಗುಳುಗುಳು ಅನ್ನುತ್ತದೆ, ವಾಲಿಸಿದರೆ ಒಂದು ಕ್ಷಣ ಕಿವಿ ಬಿಟ್ಟು ಮತ್ತೆ ಕಟ್ಟುತ್ತದೆ. ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ತಾನಾಗಿ ಇಳಿಯುತ್ತದೆ ಅಥವಾ ಆರುತ್ತದೆ. ನನ್ನ ಕಿವಿಯಲ್ಲಿ ಗುಳುಗುಳು ಇಲ್ಲ, ಹೇಗೆ ವಾಲಿಸಿದರೂ ಒಂದೇ ಮಂದ. ಮಧ್ಯಾಹ್ನ ಒಬ್ಬಟ್ಟು ತಿಂದು ಎದ್ದಾಗಲೂ ಹಾಗೇ ಇತ್ತು.

ನೀರಲ್ಲದಿದ್ದರೆ ಗುಗ್ಗೆ. ಗುಗ್ಗೆಯಲ್ಲಿ ಎಣ್ಣೆಯಂಥ ಅಂಶ ಇದ್ದರೂ ಹೆಚ್ಚಿನ ಪಾಲು ಉದುರಿದ ಚರ್ಮದ ಹೊಟ್ಟು. ಒಣ ಅವಲಕ್ಕಿಗೆ ನೀರು ಹಾಕಿದರೆ ಉಬ್ಬುವುದಿಲ್ಲವೇ, ಈ ಹೊಟ್ಟೂ ಹಾಗೇ ಉಬ್ಬುತ್ತದೆ. ತಮಾಷೆ ಅಂದರೆ, ಕಿವಿಯ ದಾರಿ ಬಹುಪಾಲು ಮುಚ್ಚಿದ್ದರೂ ಸೂಜಿಮೊನೆಯಷ್ಟು ಸಂದು ಉಳಿದಿದ್ದರೆ ಸಾಕು, ಕೇಳಿಸುವುದರಲ್ಲಿ ದೊಡ್ಡ ವ್ಯತ್ಯಾಸ ಗೊತ್ತಾಗುವುದಿಲ್ಲ. ಉಬ್ಬಿದ ಗುಗ್ಗೆ ಆ ಸಂದನ್ನೂ ಮುಚ್ಚಿದಾಗ ಏಕ್ದಂ ಕಿವಿ ಕಟ್ಟುತ್ತದೆ. ಅದಕ್ಕೇ ಜನ "ಸ್ನಾನಕ್ಕೆ ಮುಂಚೆ ಚೆನ್ನಾಗಿತ್ತು ಡಾಕ್ಟ್ರೇ" ಅನ್ನುವುದು. ಗುಗ್ಗೆ ಮಾತ್ರ ತಿಂಗಳುಗಟ್ಟಲೆಯಿಂದ ಅಲ್ಲೇ ಕೂತಿರುತ್ತದೆ.

ಕೂತಿದ್ದಾದರೂ ಹೇಗೆ? ಇಲ್ಲೊಂದು ತಪ್ಪೊಪ್ಪಿಗೆ ಇದೆ. ಕಾಲೇಜು ದಿನಗಳಿಂದ ಸ್ನಾನ ಆದ ಮೇಲೆ ಬಡ್ಸ್ ತಿರುಗಿಸುವ ಚಟ ನನಗೆ. ರೋಗಿಗಳಿಗೆ ಬೇಡ ಅಂತೀನಿ, ಮನೆಯಲ್ಲಿ ಮಾಡ್ತೀನಿ. ಗುಗ್ಗೆ ಹುಟ್ಟುವುದು ಕಿವಿಯ ಹೊರಗಿನ ಮೂರನೇ ಒಂದು ಭಾಗದಲ್ಲಿ ಮಾತ್ರ. ಕಿವಿಯ ಚರ್ಮ ತಮಟೆಯ ಕಡೆಯಿಂದ ಹೊರಕ್ಕೆ ನಿಧಾನವಾಗಿ ಜರುಗುತ್ತಾ ಗುಗ್ಗೆಯನ್ನೂ ಆಚೆ ತಳ್ಳುತ್ತದೆ. ನಾವು ಬಡ್ಸ್ ಹಾಕಿ ಅದನ್ನು ವಾಪಸ್ ಒಳಕ್ಕೆ ದೂಡುತ್ತೇವೆ. ಹತ್ತಿಗೆ ಸ್ವಲ್ಪ ಅಂಟುತ್ತದೆ, ಉಳಿದದ್ದು ಆಳದಲ್ಲಿ ಗಟ್ಟಿಯಾಗಿ ಅಮರುತ್ತದೆ.

ಗುಗ್ಗೆ ಅಂತ ತೀರ್ಮಾನ ಮಾಡುವ ಮೊದಲು ಇನ್ನೆರಡು ಪರೀಕ್ಷೆ ಮಾಡಿಕೊಂಡೆ. ಕಿವಿ ತೂತಿನ ಮುಂದೆ, ಕೆನ್ನೆಯ ಕಡೆ ಇರುವ ಚಿಕ್ಕ ಮೆತ್ತನೆ ತುಂಡನ್ನು ಒತ್ತಿದೆ, ಕಿವಿಯನ್ನು ಎಳೆದೆ. ನೋವಿಲ್ಲ. ಅಂದರೆ ಸೋಂಕು ಇರುವ ಹಾಗೆ ಕಾಣಲಿಲ್ಲ. ಆಮೇಲೆ ಬಾಯಿ ಮುಚ್ಚಿ ತಗ್ಗಿನ ದನಿಯಲ್ಲಿ "ಮ್ಮ್ಮ್" ಅಂತ ಗುನುಗಿದೆ. ಗುನುಗು ಬಲಗಡೆಗೆ, ಕಟ್ಟಿದ ಕಿವಿಗೇ ಜೋರಾಗಿ ಬಂತು. ಮನಸ್ಸು ನಿರಾಳವಾಯಿತು.

ಈ ಗುನುಗಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಗುಗ್ಗೆಯೋ ನೀರೋ ದಾರಿ ಅಡ್ಡಗಟ್ಟಿದ್ದರೆ ಹೊರಗಿನ ಸದ್ದು ಒಳಗೆ ಬರುವುದಿಲ್ಲ, ಆದರೆ ಮೂಳೆಯ ಮೂಲಕ ಬಂದ ನಮ್ಮ ದನಿ ಹೊರಗೂ ಹೋಗುವುದಿಲ್ಲ. ಹಾಗಾಗಿ ಕಟ್ಟಿದ ಕಿವಿಯಲ್ಲೇ ಜಾಸ್ತಿ ಕೇಳಿಸುತ್ತದೆ. ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿ ಗುನುಗಿ ನೋಡಿ, ಗೊತ್ತಾಗುತ್ತದೆ. ಗುನುಗು ಚೆನ್ನಾಗಿರುವ ಕಿವಿಯ ಕಡೆ ಜೋರಾಗಿ ಬಂದರೆ ಲೆಕ್ಕವೇ ಬೇರೆ. ಆಗ ದಾರಿ ಅಡ್ಡಗಟ್ಟಿರುವುದಕ್ಕಿಂತ, ಒಳಗಿವಿಯ ನರವೇ ಕೈಕೊಟ್ಟಿರುವ ಸಾಧ್ಯತೆ ಜಾಸ್ತಿ.

ಕೆಲವು ವರ್ಷದ ಹಿಂದೆ ಹಾಗೆ ಒಬ್ಬರು ಬಂದಿದ್ದರು, ಆಲೆಮನೆ ಇಟ್ಟುಕೊಂಡವರು. ಬೆಳಗ್ಗೆ ಸ್ನಾನ ಮಾಡುವಾಗ ಎಡಗಿವಿ ಮುಚ್ಚಿಕೊಂಡಿತಂತೆ. ನೀರು ಅಂದುಕೊಂಡು ಕುಣಿದರು, ಗುಗ್ಗೆ ಅಂದುಕೊಂಡು ಡ್ರಾಪ್ಸ್ ಹಾಕಿದರು. ನನ್ನ ಹತ್ತಿರ ಬರುವ ಹೊತ್ತಿಗೆ ಮೂರು ವಾರ ಕಳೆದಿತ್ತು. ನೋಡಿದರೆ ಕಿವಿ ಕನ್ನಡಿಯ ಹಾಗೆ ಶುದ್ಧ. ಶ್ರುತಿಕವೆ ಹಣೆಗೆ ಇಟ್ಟಾಗ ಸದ್ದು ಬಲಗಡೆಗೆ ಹೋಯಿತು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಕಳಿಸಿ ಕೇಳುವ ಪರೀಕ್ಷೆ ಮಾಡಿಸಿದೆವು. ಎಡಗಿವಿಯ ನರದ ಶಕ್ತಿ ಬಹಳ ಕುಸಿದಿತ್ತು. ಇದಕ್ಕೆ ಸ್ಟೀರಾಯ್ಡ್ ಕೊಡುತ್ತೇವೆ. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು, ಮೊದಲ ಎರಡು ವಾರದೊಳಗೆ ಬಂದರೆ ಏನಾದರೂ ದಕ್ಕುವ ಆಸೆ ಇರುತ್ತದೆ. ಅವರಿಗೆ ಕೊಟ್ಟೆವು, ಹೆಚ್ಚೇನೂ ವಾಪಸ್ ಬರಲಿಲ್ಲ. ಗುನುಗಿನ ಪರೀಕ್ಷೆ ನೂರಕ್ಕೆ ನೂರು ನಂಬುವಂಥದ್ದಲ್ಲ. ಆದರೂ ಅದು ಚೆನ್ನಾಗಿರುವ ಕಿವಿಗೆ ಹೋಯಿತು ಅಂದರೆ, ಅಥವಾ ಕಿವಿ ಕಟ್ಟಿದ ಜೊತೆಗೆ ತಲೆ ಸುತ್ತಿತು ಅಂದರೆ, ಹಬ್ಬ ಮುಗಿಯಲಿ ಅಂತ ಕಾಯಬಾರದು. ಅದೇ ದಿನ ತೋರಿಸಬೇಕು.

ಇತ್ತ ನನ್ನ ಕಿವಿ ಮಾವನ ಮನೆಯ ದೊಡ್ಡ ಸುದ್ದಿಯಾಗಿತ್ತು. "ಏನ್ರೀ ಡಾಕ್ಟ್ರೇ, ನಿಮ್ ಕಿವಿನೇ ಕಟ್ಕೊಳ್ತಾ" ಅಂತ ಹೆಂಡತಿ ನಕ್ಕಳು. ಅತ್ತೆ ಆಗಲೇ ಒಲೆ ಹತ್ತಿರ ಹೋಗಿದ್ದರು. "ಎರಡು ತೊಟ್ಟು ಬೆಳ್ಳುಳ್ಳಿ ಎಣ್ಣೆ ಬುಡ್ತೀನಿ ಅಳಿಯಂದ್ರೇ, ಸರಿ ಹೋಯ್ತದೆ." ಬೇಡ ಅಂದೆ. ಎಣ್ಣೆ ಗುಗ್ಗೆಯನ್ನು ಮೆತ್ತಗೆ ಮಾಡುವುದು ನಿಜ. ಆದರೆ ಒಲೆಯಿಂದ ಇಳಿಸಿದ ಎಣ್ಣೆ ಎಷ್ಟು ಬಿಸಿ ಅಂತ ಯಾರೂ ಅಳೆಯುವುದಿಲ್ಲ. ಕಿವಿಯೊಳಗಿನ ಚರ್ಮ ತೀರಾ ತೆಳು. ಸುಟ್ಟುಕೊಂಡು ಬಂದವರನ್ನು ನೋಡಿದ್ದೇನೆ. ತಮಟೆಯಲ್ಲಿ ತೂತಿದ್ದರಂತೂ ಹಾಕಿದ್ದೆಲ್ಲ ಒಳಗೇ ಇಳಿಯುತ್ತದೆ.

ಅದೇ ಮನೆಯಲ್ಲಿ ಇನ್ನೊಂದು ಕಿವಿ ಕಾಯಿಲೆ ಬಿದ್ದಿತ್ತು ಅಂತ ಗೊತ್ತಾಗಿದ್ದು ಸಂಜೆಗೆ. ಭಾಮೈದನ ಮಗ, ಹನ್ನೆರಡು ವರ್ಷದವನು. ನಾಲ್ಕು ದಿನದಿಂದ ನಾಲೆಯಲ್ಲಿ ಈಜುತ್ತಿದ್ದ. ಮೊದಲು ಕಿವಿ ಕೆರೆತ, ಅಮ್ಮನ ಹೇರ್‌ಪಿನ್‌ನಿಂದ ಕೆರೆದುಕೊಂಡ. ಆಮೇಲೆ ಕಿವಿ ಕಟ್ಟಿತು, ನೋವು ಬಂತು. ಚಕ್ಕುಲಿ ಅಗಿಯಲಾರದೆ ಮೂಲೆಯಲ್ಲಿ ಕೂತಿದ್ದ. ಕಿವಿ ಸ್ವಲ್ಪ ಎಳೆದೆ ಅಷ್ಟೇ, "ಮಾಮಾ, ಬುಡಿ" ಅಂತ ಕಿರುಚಿದ.

ನನ್ನ ಕಿವಿಗೂ ಅವನ ಕಿವಿಗೂ ಇರುವ ವ್ಯತ್ಯಾಸ ಅಷ್ಟರಲ್ಲೇ ಇದೆ. ನನ್ನದು ಸ್ನಾನ ಆದ ತಕ್ಷಣ ಕಟ್ಟಿತು, ನೋವಿಲ್ಲ. ಅವನದು ನೀರಿಗಿಳಿದ ದಿನ ಚೆನ್ನಾಗಿತ್ತು, ಒಂದೆರಡು ದಿನ ಬಿಟ್ಟು ಕೆರೆತದಿಂದ ಶುರುವಾಗಿ ನೋವಿಗೆ ತಿರುಗಿತು. ಹೊತ್ತುಗಟ್ಟಲೆ ನೆನೆದ ಚರ್ಮ ಮೆತ್ತಗಾಗಿತ್ತು, ಕಾಪಾಡುವ ಗುಗ್ಗೆಯ ಪದರ ತೊಳೆದು ಹೋಗಿತ್ತು, ಹೇರ್‌ಪಿನ್ ಗೀರಿದ ಜಾಗದಲ್ಲಿ ಸೋಂಕು ಹತ್ತಿತು. ಅಲ್ಲಿ ಕಟ್ಟಿದ್ದು ಗುಗ್ಗೆಯಿಂದಲ್ಲ, ಊದಿಕೊಂಡ ಚರ್ಮದಿಂದ. ಇಂಥ ಕಿವಿಗೆ ಎಣ್ಣೆಯೂ ಬೇಡ, ಪಿಚಕಾರಿಯೂ ಬೇಡ. ಮರುದಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ಒಳಗಿನ ಕೊಳೆ ತೆಗೆದು, ಏಳು ದಿನಕ್ಕೆ ಆಂಟಿಬಯಾಟಿಕ್ ಡ್ರಾಪ್ಸ್ ಕೊಟ್ಟೆ. ಸ್ನಾನಕ್ಕೆ ಹೋಗುವಾಗ ಹತ್ತಿಗೆ ವ್ಯಾಸಲೀನ್ ಸವರಿ ಕಿವಿಗೆ ಇಡಬೇಕು, ಹತ್ತು ದಿನ ನಾಲೆಯ ಕಡೆ ತಲೆ ಹಾಕಬಾರದು. ಕೊನೆಯದ್ದೇ ಅವನಿಗೆ ಕಷ್ಟವಾಗಿದ್ದು.

ನೋವಿಗಿಂತ ಕೆರೆತವೇ ಜಾಸ್ತಿ ಇದ್ದು, ಒಳಗೆ ಒದ್ದೆ ಕಾಗದದ ಮುದ್ದೆಯಂಥದ್ದು ಕಂಡರೆ ಅದು ಬೂಷ್ಟು. ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕಡೆ ಬೇಕಾದಷ್ಟು ಬರುತ್ತದೆ. ಅದಕ್ಕೆ ಆಂಟಿಬಯಾಟಿಕ್ ಹಾಕಿದರೆ ಹೆಚ್ಚಾಗಬಹುದು, ಔಷಧವೇ ಬೇರೆ. ಸಕ್ಕರೆ ಕಾಯಿಲೆ ಇರುವವರಿಗೆ ಕಿವಿಯಲ್ಲಿ ರಾತ್ರಿಯೆಲ್ಲ ನಿದ್ದೆಗೆಡಿಸುವ ನೋವು ಬಂದರೆ, ಸೋಂಕು ಮೂಳೆಗೆ ಇಳಿದಿರಬಹುದು. ಅಂಥವರು ಮನೆಯಲ್ಲಿ ಏನನ್ನೂ ಪ್ರಯತ್ನ ಮಾಡಬಾರದು.

ನನಗೆ ಹಿಂದೆ ಕಿವಿ ಸೋರಿದ್ದಿಲ್ಲ, ತಮಟೆ ತೂತಿಲ್ಲ, ಆಪರೇಷನ್ ಆಗಿಲ್ಲ. ಹಾಗಾಗಿ ಗುಗ್ಗೆ ಮೆತ್ತಗೆ ಮಾಡುವ ಡ್ರಾಪ್ಸ್ ತರಿಸಿಕೊಂಡೆ. ಸೀಸೆಯನ್ನು ಮುಷ್ಟಿಯಲ್ಲಿ ಹಿಡಿದು ಮೈ ಬಿಸಿಗೆ ತಂದು, ಎಡಮಗ್ಗುಲಿಗೆ ಮಲಗಿ, ನಾಲ್ಕು ಹನಿ. ಐದು ನಿಮಿಷ ಹಾಗೇ. ದಿನಕ್ಕೆ ಎರಡು ಸಲ. ಎರಡನೇ ದಿನ ಕಿವಿ ಇನ್ನೂ ಜಾಸ್ತಿ ಕಟ್ಟಿತು, ಗುಂಯ್ ಅನ್ನಲೂ ಶುರುವಾಯಿತು. ಗುಗ್ಗೆ ಇನ್ನಷ್ಟು ಉಬ್ಬಿತ್ತು ಅಷ್ಟೇ. ತುಂಬಾ ಜನ ಇಲ್ಲೇ ಹೆದರಿ ಡ್ರಾಪ್ಸ್ ಬಿಟ್ಟು ಹೇರ್‌ಪಿನ್ ಹಿಡಿಯುತ್ತಾರೆ.

ಐದನೇ ದಿನ ಮಂಡ್ಯದಲ್ಲಿ ಗೆಳೆಯನ ಮುಂದೆ ಕೂತೆ. ನಮ್ಮ ಕಿವಿಯೊಳಗೆ ನಾವೇ ನೋಡಲಾಗುವುದಿಲ್ಲವಲ್ಲ. ಅವನು ಮೊದಲು ನೀರನ್ನು ಮೈ ಬಿಸಿಗೆ ತಂದ. ತಣ್ಣೀರೋ ತೀರಾ ಬಿಸಿನೀರೋ ಹೊಡೆದರೆ ಒಳಗಿವಿ ಕಂಗಾಲಾಗಿ ರೂಮೇ ಗಿರ್ರನೆ ತಿರುಗುತ್ತದೆ. ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಧಾರೆಯನ್ನು ತಮಟೆಗೆ ನೇರ ಗುರಿಯಿಡದೆ ಮೇಲಿನ ಹಿಂಗೋಡೆಗೆ ಬಿಟ್ಟ. ನೀರು ಗುಗ್ಗೆಯ ಹಿಂದೆ ಹೊಕ್ಕು ಅದನ್ನು ಮುಂದಕ್ಕೆ ತಳ್ಳಬೇಕು. ಎರಡು ಸಲ ಬರೀ ಕಂದು ನೀರು. ಮೂರನೇ ಸಲಕ್ಕೆ ಟ್ರೇಯಲ್ಲಿ ಟಪ್ ಅಂತ ಸದ್ದು. ಅರ್ಧ ಹುಣಸೆ ಬೀಜದಷ್ಟು, ಅದೇ ಬಣ್ಣದ ಉಂಡೆ. ಒಂದು ತುದಿ ಚಪ್ಪಟೆ, ಬಡ್ಸ್ ತಲೆ ಒತ್ತಿದ ಗುರುತಿನ ಹಾಗೆ.

ಅವನು ಟಾರ್ಚ್ ಹಾಕಿ ನೋಡಿದ. ತಮಟೆ ಚೆನ್ನಾಗಿತ್ತು, ದಾರಿ ಸ್ವಲ್ಪ ಕೆಂಪಾಗಿತ್ತು. ಒಳಗಿನ ನೀರನ್ನು ಒರೆಸಿ, ಎರಡು ದಿನ ಕಿವಿಗೆ ನೀರು ಬೀಳಿಸಬೇಡ ಅಂದ. ಫ್ಯಾನಿನ ಸದ್ದು, ಹೊರಗೆ ಯಾರದೋ ಚಪ್ಪಲಿ ಸದ್ದು, ಅವನು ಪೇಪರ್ ಮಡಚಿದ ಸದ್ದು, ಎಲ್ಲಾ ಬೇಡ ಅನ್ನುವಷ್ಟು ಜೋರಾಗಿ ಕೇಳಿಸುತ್ತಿತ್ತು. ಬಚ್ಚಲಲ್ಲಿದ್ದ ಬಡ್ಸ್ ಡಬ್ಬಿಯನ್ನು ಹೆಂಡತಿ ಎತ್ತಿಟ್ಟುಕೊಂಡಿದ್ದಾಳೆ. ರಂಗೋಲಿಯ ಬಣ್ಣ ತಿದ್ದೋಕೆ ಬೇಕಂತೆ.