ಕ್ಯಾಬಿನೆಟ್ಟಿನ ಮುಂಭಾಗದ ಪೋರ್ಟ್‌ಗಳು ಸುಮ್ಮನಾದಾಗ

ಡೆಸ್ಕ್‌ಟಾಪ್‌ನ ಮುಂಭಾಗದಲ್ಲಿ ಹೆಡ್‌ಫೋನ್ ಚುಚ್ಚಿದರೆ ಸದ್ದಿಲ್ಲ, ಪೆನ್‌ಡ್ರೈವ್ ಸಿಕ್ಕಿಸಿದರೆ ಅದರ ದೀಪವೂ ಹತ್ತುವುದಿಲ್ಲ, ಆದರೆ ಹಿಂಭಾಗದಲ್ಲಿ ಎರಡೂ ಸರಿಯಾಗಿ ಕೆಲಸ ಮಾಡುತ್ತವೆ ಎಂದಾದರೆ, ಮೊದಲು ಸಂಶಯಪಡಬೇಕಾದದ್ದು ಮುಂದಿನ ಪೋರ್ಟನ್ನಲ್ಲ, ಅದರಿಂದ ಒಳಗೆ ಹೋಗುವ ವೈರು ಮದರ್‌ಬೋರ್ಡಿಗೆ ಸೇರುವ ಜಾಗವನ್ನು. ಹಿಂಭಾಗದ ಪೋರ್ಟ್‌ಗಳನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಮುಂದಿನವು ಮಾತ್ರ ಉದ್ದನೆಯ ವೈರಿನ ತುದಿಯಲ್ಲಿದ್ದು, ಬೋರ್ಡಿನ ಮೇಲೆ ನಿಂತಿರುವ ಸಣ್ಣ ಪಿನ್ನುಗಳ ಗುಂಪಿಗೆ, ಅಂದರೆ ಹೆಡರಿಗೆ, ಪ್ಲಗ್ ಮೂಲಕ ಸಿಕ್ಕಿಕೊಂಡಿರುತ್ತವೆ. ಧೂಳು ತೆಗೆಯಲು ಅಥವಾ ಗ್ರಾಫಿಕ್ಸ್ ಕಾರ್ಡ್ ಬದಲಿಸಲು ಕ್ಯಾಬಿನೆಟ್ ತೆರೆದ ಮೇಲೆ ಈ ತೊಂದರೆ ಕಾಣಿಸಿಕೊಂಡರೆ ಕಾರಣ ಬಹುತೇಕ ಅಲ್ಲಿಯೇ ಇರುತ್ತದೆ.

ಕಳೆದ ತಿಂಗಳು ನನ್ನ ಮನೆಯ ಕಂಪ್ಯೂಟರಿನ ಧೂಳು ಕೊಡವಿ ಮತ್ತೆ ಜೋಡಿಸಿದಾಗ ನನಗೂ ಹೀಗೇ ಆಯಿತು. ಮುಂದಿನ ಹೆಡ್‌ಫೋನ್ ಜ್ಯಾಕ್ ಮೂಕವಾಗಿತ್ತು. ನೀಲಿ ಬಣ್ಣದ ಎರಡು ಯುಎಸ್‌ಬಿ ಪೋರ್ಟ್‌ಗಳಲ್ಲಿ ಒಂದು ಕೆಲಸ ಮಾಡುತ್ತಿತ್ತು, ಇನ್ನೊಂದರಲ್ಲಿ ಜೀವವೇ ಇರಲಿಲ್ಲ. ಎರಡಕ್ಕೂ ಕಾರಣ ನನ್ನ ಕೈಗಳೇ ಎಂಬುದು ಆಮೇಲೆ ತಿಳಿಯಿತು.

ತಿರುಪು ಬಿಚ್ಚುವ ಮುನ್ನ ಮಾಡಬೇಕಾದ ಒಂದು ಪರೀಕ್ಷೆಯಿದೆ. ವಿಂಡೋಸ್‌ನಲ್ಲಿ ವಿಂಡೋಸ್ ಕೀ ಜೊತೆಗೆ R ಒತ್ತಿ, ಬರುವ ಚೌಕದಲ್ಲಿ ಹೀಗೆ ಟೈಪ್ ಮಾಡಿ:

```
mmsys.cpl
```

ತೆರೆದುಕೊಳ್ಳುವ ಕಿಟಕಿಯ Playback ಪಟ್ಟಿಯ ಖಾಲಿ ಜಾಗದಲ್ಲಿ ಬಲ ಕ್ಲಿಕ್ ಮಾಡಿ Show Disconnected Devices ಆರಿಸಿಕೊಳ್ಳಿ. ಈಗ ಪಟ್ಟಿಯ ಮೇಲೆ ಕಣ್ಣಿಟ್ಟು ಹೆಡ್‌ಫೋನನ್ನು ಮುಂದಿನ ಜ್ಯಾಕಿಗೆ ಚುಚ್ಚಿ, ತೆಗೆದು, ಮತ್ತೆ ಚುಚ್ಚಿ. ಸಾಮಾನ್ಯವಾಗಿ ಮುಂದಿನ ಜ್ಯಾಕಿಗೆ ಸೇರಿದ ಸಾಲು Not plugged in ಎಂಬುದರಿಂದ ಬದಲಾಗಬೇಕು. ಬದಲಾಗಿಯೂ ಸದ್ದು ಬಾರದಿದ್ದರೆ, ಆ ಸಾಲನ್ನು ಆರಿಸಿ Set Default ಒತ್ತಿದರೆ ಸಾಕಾಗಬಹುದು. ಒಂದೇ ಕಿವಿಗೆ ಕೇಳಿಸಿದರೆ, ಬೇರೆ ಹೆಡ್‌ಫೋನಿನಲ್ಲೂ ಹಾಗೆಯೇ ಆಗುತ್ತದೆಯೇ ಎಂದು ನೋಡಿ. ಹಾಗೆಯೇ ಆದರೆ ಜ್ಯಾಕ್ ಸವೆದಿರುವ ಸಾಧ್ಯತೆ ಹೆಚ್ಚು. ಎಷ್ಟು ಸಲ ಚುಚ್ಚಿದರೂ ಪಟ್ಟಿ ಅಲ್ಲಾಡದಿದ್ದರೆ, ಹೆಡ್‌ಫೋನ್ ಬಂದಿದೆ ಎಂಬ ಸುದ್ದಿಯೇ ಬೋರ್ಡಿಗೆ ತಲುಪುತ್ತಿಲ್ಲ ಎಂದರ್ಥ. ನನ್ನದು ಅಲ್ಲಾಡಲಿಲ್ಲ.

ಕ್ಯಾಬಿನೆಟ್ ತೆರೆಯುವಾಗ ಕಂಪ್ಯೂಟರ್ ಆಫ್ ಮಾಡಿದರಷ್ಟೇ ಸಾಲದು, ಏಕೆಂದರೆ ಎಸ್‌ಎಂಪಿಎಸ್‌ಗೆ ಕರೆಂಟ್ ಇರುವವರೆಗೂ ಬೋರ್ಡಿನಲ್ಲಿ 5 ವೋಲ್ಟ್ ಉಳಿದಿರುತ್ತದೆ. ಹಿಂದಿನ ವೈರನ್ನು ಕಿತ್ತು, ಪವರ್ ಬಟನನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ ಮುಂದುವರಿಯಿರಿ.

ಆಡಿಯೊ ಹೆಡರ್ ಸಾಮಾನ್ಯವಾಗಿ ಬೋರ್ಡಿನ ಕೆಳಅಂಚಿನಲ್ಲಿ, ಹಿಂಭಾಗಕ್ಕೆ ಹತ್ತಿರವಾದ ಮೂಲೆಯಲ್ಲಿರುತ್ತದೆ. ಅದರ ಪಕ್ಕದ ಬರಹ ಕಂಪನಿಯಿಂದ ಕಂಪನಿಗೆ ಬೇರೆಯಾದರೂ ಪಿನ್ನುಗಳ ಜೋಡಣೆ ಒಂದೇ: ಐದೈದರ ಎರಡು ಸಾಲು, ಅದರಲ್ಲಿ ಒಂದು ಪಿನ್ ಇಲ್ಲ. ಆ ಖಾಲಿ ಜಾಗವೇ ಗುರುತು. ಆಡಿಯೊ ಹೆಡರಿನಲ್ಲಿ ಅದು ಸಾಲಿನ ತುದಿಯಿಂದ ಎರಡನೆಯದು. ನೋಡಲು ಅದರಂತೆಯೇ ಇರುವ ಯುಎಸ್‌ಬಿ 2.0 ಹೆಡರಿನಲ್ಲಿ ಅದು ಒಂದು ಮೂಲೆಯಲ್ಲಿ. ಪ್ಲಗ್ಗಿನ ಒಂಬತ್ತು ತೂತುಗಳ ಜೊತೆಗೆ ಮುಚ್ಚಿದ ಒಂದು ಜಾಗವೂ ಇದ್ದು, ಅದು ಹೆಡರಿನ ಖಾಲಿ ಜಾಗಕ್ಕೆ ಸರಿಯಾಗಿ ಕೂರಬೇಕು. ಕೂರದಿದ್ದರೆ ಒತ್ತಬೇಡಿ, ನೀವು ಹಿಡಿದಿರುವುದು ಬೇರೆ ಹೆಡರ್, ಇಲ್ಲವೇ ಪ್ಲಗ್ ತಿರುಗುಮುರುಗಾಗಿದೆ. ಹಳೆಯ ಕೆಲವು ಬೋರ್ಡುಗಳಲ್ಲಿ ಫೈರ್‌ವೈರ್‌ನ ಹೆಡರೂ ಇಂಥದೇ ಪಿನ್ನುಗಳಲ್ಲಿದೆ. ಅದಕ್ಕೆ ಯುಎಸ್‌ಬಿ ಪ್ಲಗ್ ಹಾಕಿದರೆ ಬೋರ್ಡೇ ಹಾಳಾಗಬಹುದಾದ್ದರಿಂದ, ಪಕ್ಕದ ಬರಹವನ್ನು ಟಾರ್ಚ್ ಹಿಡಿದಾದರೂ ಓದಿಕೊಳ್ಳಿ.

ನನ್ನ ಕ್ಯಾಬಿನೆಟ್ಟಿನಲ್ಲಿ ಆಡಿಯೊ ಪ್ಲಗ್ ಗಟ್ಟಿಯಾಗಿಯೇ ಕೂತಿತ್ತು, ಹಾಗಾಗಿ ಸ್ವಲ್ಪ ಹೊತ್ತು ಗೊಂದಲಕ್ಕೊಳಗಾದೆ. ಪ್ಲಗ್ಗನ್ನು ತೆಗೆದು ಬೆಳಕಿಗೆ ಹಿಡಿದಾಗ ಅದರ ಮೇಲೆ ‘ಎಸಿ 97’ ಎಂದಿತ್ತು. ಅದೇ ವೈರಿನಿಂದ ಕವಲೊಡೆದ ‘ಎಚ್‌ಡಿ ಆಡಿಯೊ’ ಎಂಬ ಇನ್ನೊಂದು ಪ್ಲಗ್ ಕೆಳಗೆ ಜೋತಾಡುತ್ತಿತ್ತು. ಹಳೆಯ ಬೋರ್ಡುಗಳಿಗೂ ಆಗಲಿ ಎಂದು ಕೆಲವು ಕ್ಯಾಬಿನೆಟ್‌ಗಳಲ್ಲಿ ಹೀಗೆ ಎರಡು ತುದಿ ಕೊಟ್ಟಿರುತ್ತಾರೆ. ಎರಡರಲ್ಲೂ ಮುಚ್ಚಿದ ತೂತು ಒಂದೇ ಕಡೆ ಇರುವುದರಿಂದ ತಪ್ಪು ಪ್ಲಗ್ ಕೂಡ ಸರಾಗವಾಗಿ ಕೂತುಬಿಡುತ್ತದೆ. ಎಸಿ 97 ತುದಿಯಲ್ಲಿ ಹೆಡ್‌ಫೋನ್ ಚುಚ್ಚಿದ್ದನ್ನು ತಿಳಿಸುವ ತಂತಿಗಳಿಲ್ಲ. ಈಗಿನ ಬೋರ್ಡು ಆ ಸುದ್ದಿಗಾಗಿ ಕಾಯುತ್ತಲೇ ಇರುತ್ತದೆ. ತುದಿ ಬದಲಿಸಿದ್ದೇ ಸದ್ದು ಬಂತು. ನಿಮ್ಮ ಕ್ಯಾಬಿನೆಟ್ ಹಳೆಯದಾಗಿ ಎಸಿ 97 ತುದಿ ಮಾತ್ರ ಇದ್ದರೆ, ಬಯೋಸ್‌ನಲ್ಲಿ Front Panel Type ಎಂಬ ಆಯ್ಕೆಯಿದೆಯೇ ನೋಡಿ ಅದನ್ನು AC97ಕ್ಕೆ ಬದಲಿಸಬಹುದು.

ಇನ್ನು ಯುಎಸ್‌ಬಿ. ಇಲ್ಲಿ ದೀಪವನ್ನು ಗಮನಿಸಿ. ಪೆನ್‌ಡ್ರೈವ್‌ನ ದೀಪ ಹತ್ತಿಯೂ ಕಂಪ್ಯೂಟರ್ ಅದನ್ನು ಗುರುತಿಸದಿದ್ದರೆ, ಅಥವಾ ಫೋನ್ ಚಾರ್ಜ್ ಆಗುತ್ತಿದ್ದೂ ಫೈಲುಗಳು ಕಾಣದಿದ್ದರೆ, ದತ್ತಾಂಶದ ತಂತಿ ತಪ್ಪಿದೆ. ದೀಪವೇ ಹತ್ತದಿದ್ದರೆ 5 ವೋಲ್ಟಿನ ತಂತಿ ತಪ್ಪಿದೆ. ನೀಲಿ ಪೋರ್ಟ್‌ಗಳ ಯುಎಸ್‌ಬಿ 3.0 ಹೆಡರ್‌ನಲ್ಲಿ 19 ಪಿನ್‌ಗಳಿದ್ದು, ಒಂದು ಮೂಲೆ ಖಾಲಿ. ಆ ಖಾಲಿ ಜಾಗದ ಎದುರು ಸಾಲಿನ ಪಿನ್ ಒಂದು ಪೋರ್ಟಿಗೆ 5 ವೋಲ್ಟ್ ಕೊಡುತ್ತದೆ, ಖಾಲಿ ಜಾಗದ ಪಕ್ಕದಲ್ಲೇ ಇರುವ ಪಿನ್ ಮತ್ತೊಂದಕ್ಕೆ. ಹಾಗಾಗಿ ಒಂದೇ ಪೋರ್ಟ್ ಸತ್ತಿದ್ದರೆ ನೋಡಬೇಕಾದ ಜಾಗ ಆ ಮೂಲೆ. ನನ್ನ ಹೆಡರಿನಲ್ಲಿ ಖಾಲಿ ಜಾಗದ ಎದುರಿನ ಪಿನ್, ಬಿರುಗಾಳಿಗೆ ಬಾಗಿದ ಅಡಿಕೆ ಮರದಂತೆ, ಪೂರ್ತಿ ಹೊರಕ್ಕೆ ವಾಲಿತ್ತು. ಈ ಪ್ಲಗ್ ಬಹಳ ಬಿಗಿ; ಅತ್ತಿತ್ತ ಅಲ್ಲಾಡಿಸಿ ಎಳೆದರೆ ಪಿನ್ ಬಾಗುವುದಷ್ಟೇ ಅಲ್ಲ, ಹೆಡರಿನ ಪ್ಲಾಸ್ಟಿಕ್ ಗೋಡೆಯೇ ಪ್ಲಗ್ಗಿನ ಜೊತೆ ಎದ್ದು ಬರುವುದುಂಟು. ಎರಡು ಬದಿಯಿಂದ ಹಿಡಿದು ನೇರ ಮೇಲಕ್ಕೆ ಎತ್ತಬೇಕು.

ಬಾಗಿದ ಪಿನ್ ನೆಟ್ಟಗೆ ಮಾಡಲು ಕಡ್ಡಿ ಹಾಕುವ ಪೆನ್ಸಿಲ್ ಒಳ್ಳೆಯ ಸಾಧನ. ಕಡ್ಡಿ ಪೂರ್ತಿ ತೆಗೆಯಿರಿ, ಏಕೆಂದರೆ ಅದರ ಪುಡಿ ವಿದ್ಯುತ್ ಹರಿಸುತ್ತದೆ. ಲೋಹದ ಖಾಲಿ ತುದಿಯನ್ನು ಪಿನ್ನಿನ ಮೇಲೆ ಇಳಿಸಿ, ನಿಧಾನವಾಗಿ ಒಂದೇ ಸಲ ನೆಟ್ಟಗೆ ತನ್ನಿ. ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದರೆ ಪಿನ್ ಮುರಿಯುತ್ತದೆ. ಮುರಿದ ಮೇಲೆ ಹೆಡರನ್ನೇ ಬದಲಿಸಿ ಬೆಸೆಯಬೇಕು, ಅದು ಮನೆಯ ಕೆಲಸವಲ್ಲ.

ಪ್ಲಗ್ಗೂ ಪಿನ್ನುಗಳೂ ಸರಿಯಿದ್ದು, ಕಂಪ್ಯೂಟರ್ ಆನ್ ಮಾಡಿದಾಗ ಪರದೆಯ ಮೇಲೆ over current ಎಂಬ ಎಚ್ಚರಿಕೆ ಬಂದರೆ, ಆಫ್ ಮಾಡಿ ಮುಂದಿನ ಯುಎಸ್‌ಬಿ ಪ್ಲಗ್ಗನ್ನು ಹೆಡರಿನಿಂದ ತೆಗೆದು ಮತ್ತೊಮ್ಮೆ ಚಾಲೂ ಮಾಡಿ. ಎಚ್ಚರಿಕೆ ಮಾಯವಾದರೆ ದೋಷವಿರುವುದು ಮುಂದಿನ ಪೋರ್ಟಿನಲ್ಲಿ ಅಥವಾ ಅದರ ವೈರಿನಲ್ಲಿ. ಬಹುಶಃ ಪೋರ್ಟಿನೊಳಗಿನ ನಾಲಿಗೆ ಬಾಗಿ ಹೊರಕವಚಕ್ಕೆ ತಾಗುತ್ತಿರುತ್ತದೆ. ಅದು ಸರಿಯಾಗುವವರೆಗೆ ಆ ಪ್ಲಗ್ಗನ್ನು ಹೊರಗೇ ಬಿಟ್ಟು ಹಿಂದಿನ ಪೋರ್ಟ್‌ಗಳಲ್ಲಿ ಕೆಲಸ ಸಾಗಿಸಬಹುದು.